ನನ್ನ ಫೀಸು ಕಟ್ಟಿದ, ಹೆಸರು ಗೊತ್ತಿಲ್ಲದ ನಿಮಗೆ

ನಮಸ್ಕಾರ. ನೀವು ಸರ್ರೋ ಮೇಡಮ್ಮೋ ಗೊತ್ತಿಲ್ಲ, ಹೆಸರು ಹೇಳಬಾರದು ಅಂತ ನೀವೇ ಕೇಳಿಕೊಂಡಿದ್ದೀರಂತೆ. ಟ್ರಸ್ಟಿನವರು ಇಂಗ್ಲಿಷಲ್ಲೊಂದು, ಕನ್ನಡದಲ್ಲೊಂದು ಪತ್ರ ಬರೆದುಕೊಡಿ ಅಂದರು. ಇಂಗ್ಲಿಷಿನದು ನಾಲ್ಕೇ ಸಾಲಿಗೆ ಮುಗಿಯಿತು. ಹೇಳಬೇಕಾದದ್ದೆಲ್ಲ ಇಲ್ಲಿದೆ.

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಎರಡನೇ ವರ್ಷ. ಸರ್ಕಾರದ ಸ್ಕಾಲರ್‌ಶಿಪ್ ಮಂಜೂರಾಗಿತ್ತು, ಆದರೆ ನಾನು ನೋಡುತ್ತಿದ್ದ ಪಾಸ್‌ಬುಕ್ಕಿಗೆ ಬರಲೇ ಇಲ್ಲ. ಆ ದುಡ್ಡು ಬರೋದು ಆಧಾರ್ ಸೀಡಿಂಗ್ ಆಗಿರುವ, ಅಂದರೆ ಸರ್ಕಾರದ ದುಡ್ಡು ಬರಲೆಂದು ಆಧಾರ್ ನಂಬರಿಗೆ ಜೋಡಿಸಿರುವ ಖಾತೆಗೆ ಮಾತ್ರ, ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟರಷ್ಟೇ ಸಾಲದು ಅಂತ ಆಮೇಲೆ ತಿಳಿಯಿತು. ನನ್ನದು ಹೈಸ್ಕೂಲಲ್ಲಿ ತೆರೆದ, ಬಳಸದೆ ನಿಂತುಹೋಗಿದ್ದ ಹಳೇ ಖಾತೆಗೆ ಸೀಡ್ ಆಗಿತ್ತು. ಅದನ್ನು ಸರಿಮಾಡಿಸಲು ಓಡಾಡುವಷ್ಟರಲ್ಲಿ ಫೀಸಿನ ಕೊನೇ ದಿನ ಬಂದೇಬಿಟ್ಟಿತು. ಅಮ್ಮ ಓಲೆ ಬಿಚ್ಚಿ ಕರ್ಚೀಫಲ್ಲಿ ಕಟ್ಟಿ ಇಟ್ಟಿದ್ದರು, ಬೆಳಗ್ಗೆ ಅಡವಿಡೋಣ ಅಂತ.

ಅವತ್ತು ಸಂಜೆ ಆಫೀಸಿನಿಂದ ಫೋನ್ ಬಂತು, ನಿಮ್ಮ ಕಡೆಯಿಂದ ಫೀಸು ಪೂರ್ತಿ ಕಟ್ಟಿದೆ ಅಂತ. ಅಮ್ಮ ಏನೂ ಮಾತಾಡಲಿಲ್ಲ. ಗಂಟು ಬಿಚ್ಚಿ ಓಲೆ ಹಾಕಿಕೊಂಡರು, ಅಷ್ಟೇ.

ಈಗ ಸೀಡಿಂಗ್ ಸರಿಯಾಗಿದೆ. ಬ್ಯಾಂಕಿನ ಮಾತು ನಂಬಿಕೊಂಡು ಕೂರದೆ ಆಧಾರ್ ವೆಬ್‌ಸೈಟಲ್ಲೇ ಯಾವ ಬ್ಯಾಂಕ್ ತೋರಿಸುತ್ತೆ ಅಂತ ನೋಡಿಕೊಂಡೆ, ನನ್ನ ಜೂನಿಯರ್ ಇಬ್ಬರದ್ದನ್ನೂ ನೋಡಿಕೊಟ್ಟೆ. ಲೇತ್ ಮೇಲೆ ಮೊನ್ನೆ ಮೊದಲ ಸಲ ಥ್ರೆಡ್ ಕಟ್ ಮಾಡಿದೆ, ನಟ್ಟು ಕೈಯಲ್ಲೇ ಸಲೀಸಾಗಿ ಹತ್ತಿತು. ನಿಮಗೆ ತೋರಿಸಬೇಕು ಅನ್ನಿಸಿತು.

ತುಂಬಾ ಥ್ಯಾಂಕ್ಸ್. ಅಮ್ಮನೂ ಹೇಳಲು ಹೇಳಿದ್ದಾರೆ.