ಒಂದು ದೀರ್ಘದ ತಪ್ಪು

ಮಡಿಕೇರಿ

ಪ್ರಿಯ ಯುವಮಿತ್ರರೇ,

ದುಬಾರೆಯಲ್ಲಿ ಕಾವೇರಿ ದಾಟಿಸುವ ದೋಣಿಯವನನ್ನು ನೋಡಿ ನೀವು ಬರೆದ ‘ಕವಿ ನಾ, ದಿನಾ ನದಿ ನಾವಿಕ’ ಎಂಬ ಸಾಲನ್ನು ಮೂರು ಸಲ ಓದಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಸಾಲೆಂದು ನೀವು ಹೇಳಿದ್ದೀರಿ. ಆಗುವುದಿಲ್ಲ, ಆದರೆ ಒಂದೇ ಒಂದು ದೀರ್ಘದಿಂದ ತಪ್ಪಿದೆ.

ಚೌಕುಳಿ ಪುಸ್ತಕದಲ್ಲಿ ಮನೆಗೊಂದು ಅಕ್ಷರದಂತೆ ಬರೆದುಕೊಳ್ಳಿ: ಕ, ವಿ, ನಾ, ದಿ, ನಾ, ನ, ದಿ, ನಾ, ವಿ, ಕ. ಹತ್ತು ಮನೆಗಳನ್ನು ನಡುವೆ ಮಡಿಸಿದರೆ ಮೊದಲನೆಯದು ಹತ್ತನೆಯದರ ಮೇಲೆ, ಎರಡನೆಯದು ಒಂಬತ್ತನೆಯದರ ಮೇಲೆ ಸರಿಯಾಗಿ ಕೂರುತ್ತದೆ. ಐದು ಮತ್ತು ಆರನೆಯ ಮನೆಗಳಲ್ಲಿ ಮಾತ್ರ ‘ನಾ’ ಎದುರಿಗೆ ‘ನ’ ಬಂದಿದೆ. ನಮ್ಮ ಬಾಯಿಗೆ ‘ದಿನಾ’ ಎಂದೇ ರೂಢಿಯಾಗಿರುವುದರಿಂದ ಕಿವಿ ಇದನ್ನು ಹಿಡಿಯಲಿಲ್ಲ. ಅನುಸ್ವಾರವೂ ಹೀಗೆಯೇ ಮೋಸ ಮಾಡುತ್ತದೆ. ‘ನಯನ’ ಸರಿ, ‘ನರ್ತನ’ವೂ ಸರಿ, ಏಕೆಂದರೆ ಒತ್ತಕ್ಷರ ಒಂದೇ ಮನೆಯಲ್ಲಿ ಇಡಿಯಾಗಿ ಕೂರುತ್ತದೆ, ‘ನಂದನ’ ಮಾತ್ರ ತಪ್ಪು, ಏಕೆಂದರೆ ‘ನಂ’ ಬೇರೆ, ‘ನ’ ಬೇರೆ.

ಕನ್ನಡದಲ್ಲಿ ಈ ಆಟದ ಕಾಯಿ ಗುಣಿತಾಕ್ಷರವೇ ಹೊರತು ಬಿಡಿ ಸ್ವರವ್ಯಂಜನವಲ್ಲ. ಆದ್ದರಿಂದಲೇ ನಮ್ಮ ನೆರೆಯ ಭಾಷೆಯ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಎರಡೂ ಕಡೆಯಿಂದ ಒಂದೇ ಆಗಿದ್ದರೂ, ‘ಮಲಯಾಳಂ’ ಎಂದು ನಾವು ಬರೆದೊಡನೆ ಆ ಗುಣ ಕಳೆದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಸಾಲನ್ನು ತಿರುಗಿಸಿ ಪರೀಕ್ಷಿಸುವೆನೆಂದು ಬರೆದಿದ್ದೀರಿ. ಸರಳ ಪ್ರೋಗ್ರಾಂ ಗುಣಿತದ ಚಿಹ್ನೆಯನ್ನೂ ಪ್ರತ್ಯೇಕವಾಗಿ ಎಣಿಸುವುದರಿಂದ ‘ಕವಿ’ಯ ಗುಡಿಸು ‘ವ’ವನ್ನು ಬಿಟ್ಟು ಮುಂದಕ್ಕೆ ಹೋಗಿ ಅನಾಥವಾಗಿ ನಿಲ್ಲುತ್ತದೆ. ಚೌಕುಳಿ ಪುಸ್ತಕವೇ ವಾಸಿ.

ಈಗ ದುರಸ್ತಿ. ನಡುವಿನ ನಾಲ್ಕು ಮನೆಗಳನ್ನು ಕಿತ್ತು ‘ಸರಸ’ ಎಂದು ಹಾಕಿದರೆ ‘ಕವಿ ನಾ, ಸರಸ ನಾವಿಕ’ ಎಂದು ನಿರ್ದೋಷವಾಗುತ್ತದೆ. ‘ನವೀನ’ ಎಂದರೂ ಆಗುತ್ತದೆ. ಆದರೆ ತನ್ನಷ್ಟಕ್ಕೆ ತಾನೇ ಸಮವಾಗಿರುವ ಪದವನ್ನು ನಡುವೆ ತುರುಕುವುದು ನನಗೆ ಅಗ್ಗದ ಉಪಾಯವೆನಿಸುತ್ತದೆ. ನಿಮ್ಮ ಸಾಲಿನ ಸೊಗಸೆಲ್ಲ ‘ನದಿ’ಯನ್ನು ತಿರುಗಿಸಿದರೆ ‘ದಿನ’ವಾಗುವುದರಲ್ಲಿ, ‘ನಾವಿಕ’ನನ್ನು ತಿರುಗಿಸಿದರೆ ‘ಕವಿ ನಾ’ ಎಂದು ಅವನೇ ಹೇಳಿಕೊಳ್ಳುವುದರಲ್ಲಿ ಇದೆ. ಅದನ್ನು ಬಿಡಬೇಡಿ. ದೀರ್ಘವನ್ನಷ್ಟೇ ತೆಗೆದು ಎರಡು ಪದಗಳನ್ನು ಸಮಾಸವಾಗಿ ಕೂಡಿಸಿ: ‘ಕವಿ ನಾ, ದಿನನದಿ ನಾವಿಕ.’ ದಿನವೆಂಬ ನದಿಯ ನಾವಿಕ. ದುಬಾರೆಯ ದೋಣಿಯವನು ಸ್ವಲ್ಪ ಮರೆಯಾಗುತ್ತಾನೆ, ನಿಜ. ಆದರೆ ವ್ಯಾಕರಣದ ತೊಡಕು ತೀರಿತು, ಅರ್ಥವೂ ಒಂದು ಮೆಟ್ಟಿಲು ಏರಿತು.

ಈ ಸಾಲಿನಲ್ಲಿ ಕ್ರಿಯಾಪದವಿಲ್ಲದಿರುವುದನ್ನು ಗಮನಿಸಿ. ನಮ್ಮ ವಾಕ್ಯ ಸಾಮಾನ್ಯವಾಗಿ ‘ಹೋಗುತ್ತಾನೆ’, ‘ಬಂದಳು’ ಎಂಬಂಥ ಪದದಲ್ಲಿ ಮುಗಿಯುವುದರಿಂದ, ಅದನ್ನು ತಿರುಗಿಸಿದಾಗ ಸಾಲಿನ ಆರಂಭಕ್ಕೆ ‘ನೆತ್ತಾ’, ‘ಳುದ’ ಎಂಬ ಅರ್ಥವಿಲ್ಲದ ತುಣುಕುಗಳು ಬಂದು ಕೂರುತ್ತವೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಕುಬೇರನಿಗೇನಿರಬೇಕು’ ಎಂಬುದನ್ನು ನೀವು ಕೇಳಿರಬಹುದು. ಅದು ಗೆದ್ದದ್ದು ‘ಬೇಕು’ ಎಂಬ ಕೊನೆಯನ್ನು ತಿರುಗಿಸಿದರೆ ‘ಕುಬೇ’ ಆಗುವುದರಿಂದ ಮತ್ತು ಎರಡು ಲೋಪಸಂಧಿಗಳಿಂದ. ‘ಕುಬೇರನಿಗೆ ಏನು ಇರಬೇಕು’ ಎಂದು ಬಿಡಿಸಿ ಬರೆದರೆ ಆಟ ಮುಗಿಯಿತು. ಸಂಧಿ ಮಾಡಿದ ಮೇಲೆಯೇ ಮನೆಗಳನ್ನು ಎಣಿಸಬೇಕು.

ಅಕ್ಷರಪಲ್ಲಟದ ನಿಮ್ಮ ಇನ್ನೊಂದು ಸಾಲು ‘ಮಡಿಕೇರಿಯ ಹುಡುಗ ಮರಿಕೇಡಿ’. ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳನ್ನು ಅದಲುಬದಲು ಮಾಡಿ ಊರಿನ ಹೆಸರಿನೊಳಗಿಂದ ಪುಟ್ಟ ಪೋಕರಿಯೊಬ್ಬನನ್ನು ಹೊರತೆಗೆದದ್ದು ಚೆನ್ನಾಗಿದೆ, ಆದರೆ ‘ಹುಡುಗ’ ಬರೀ ಭರ್ತಿ. ಈ ನಾಲ್ಕು ಅಕ್ಷರಗಳನ್ನು ಇಪ್ಪತ್ತನಾಲ್ಕು ಬಗೆಯಲ್ಲಿ ಜೋಡಿಸಬಹುದು. ಸ್ವರ ವ್ಯಂಜನಕ್ಕೆ ಅಂಟಿಕೊಂಡೇ ಬರುವುದರಿಂದ ಬಹುಪಾಲು ಜೋಡಣೆಗಳಿಗೆ ಅರ್ಥವಿಲ್ಲ. ಒಂದು ಸಂಜೆ ಕೂತು ಇಪ್ಪತ್ತನಾಲ್ಕನ್ನೂ ಬರೆದಾಗ ನನಗೆ ದಕ್ಕಿದ ಇನ್ನೊಂದು ‘ಕೇರಿ ಮಡಿ’. ಊರಿನ ಹೆಸರಿಗೂ ಮಡಿಗೂ ನಂಟಿಲ್ಲ, ಮುದ್ದುರಾಜನ ಕೇರಿ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಆದರೂ ಶ್ಲೇಷೆಗೆ ಇತಿಹಾಸದ ಹಂಗಿಲ್ಲ. ಎರಡನ್ನೂ ಸೇರಿಸಿ ನೋಡಿ: ‘ಮಡಿಕೇರಿಗೆ ಬಂದ ಮರಿಕೇಡಿ, ಕೇರಿ ಮಡಿಯೆಂದು ಹೊರಟುಹೋದ.’ ಈಗ ಪಲ್ಲಟವೇ ಕಥೆ ಹೇಳುತ್ತಿದೆ, ಉಳಿದ ಪದಗಳು ಅದಕ್ಕೆ ದಾರಿ ಬಿಟ್ಟು ನಿಂತಿವೆ.

ವಿರಾಜಪೇಟೆಯ ಐದು ಅಕ್ಷರಗಳನ್ನು ನಾನಿನ್ನೂ ಮುಟ್ಟಿಲ್ಲ. ಅದು ನಿಮ್ಮ ಪಾಲಿಗಿರಲಿ.

ನಿಮ್ಮ ವಿಶ್ವಾಸಿ