ಮಳೆ ಬಂದರೆ ಆ್ಯಪ್ ಗಾಡಿ ಬರಾಂಗಿಲ್ರಿ

ಮಾನ್ಯರೇ,

ಹೋದ ವಾರ ಸಂಜೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಚೇರಿಯಿಂದ ಹೊರಬಿದ್ದಾಗ 6.40. ಧೋ ಧೋ ಮಳೆ. ಮನೆ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಆ್ಯಪ್‌ನಲ್ಲಿ ಕಾರು ಬುಕ್ ಮಾಡಿದೆ. ಚಾಲಕರ ಫೋನ್ ಬಂತು. 'ಎಲ್ಲಿಗ್ರಿ? ಧಾರವಾಡ? ಬರಾಂಗಿಲ್ರಿ, ನೀವ ಕ್ಯಾನ್ಸಲ್ ಮಾಡ್ರಿ.' ಮುಕ್ಕಾಲು ಗಂಟೆಯಲ್ಲಿ ನಾಲ್ಕು ಸಲ ಇದೇ ಆಯಿತು. ಒಬ್ಬರಂತೂ ಫೋನ್ ಕೂಡ ಮಾಡಲಿಲ್ಲ. ನಕ್ಷೆಯಲ್ಲಿ ಅವರ ಗಾಡಿ ನಿಂತಲ್ಲೇ ನಿಂತಿತ್ತು. ಮೂರು ನಿಮಿಷವಾದರೂ ಗಾಡಿ ಅಲುಗಾಡದಿದ್ದರೆ ಅದು ಬರುವುದಿಲ್ಲ ಎಂದು ಈಗ ನನಗೆ ಗೊತ್ತಾಗಿದೆ. ಸುಮ್ನೆ ಸಿಟ್ಟಿನಲ್ಲಿ ಕ್ಯಾನ್ಸಲ್ ಒತ್ತಬೇಡಿ. ಕಾರಣ ಕೇಳಿದಾಗ 'ಮನಸ್ಸು ಬದಲಾಯಿತು' ಎಂದು ಕೊಟ್ಟರೆ ದಂಡ ನಮ್ಮ ತಲೆಗೇ ಬರಬಹುದು. ಚಾಲಕರೇ ರದ್ದು ಮಾಡಲು ಹೇಳಿದರು ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಚಾಲಕರದ್ದೂ ಒಂದು ಲೆಕ್ಕ ಇದೆ. ಮಳೆಯಲ್ಲಿ ಧಾರವಾಡಕ್ಕೆ ಹೋದರೆ ವಾಪಸ್ ಖಾಲಿ ಬರಬೇಕು. ಅಷ್ಟೇ ಹೊತ್ತಿನಲ್ಲಿ ಹುಬ್ಬಳ್ಳಿಯೊಳಗೇ ಎರಡು ಮೂರು ಸಣ್ಣ ಬಾಡಿಗೆ ಸಿಗುತ್ತವೆ. ಯಾರು ಬರ್ತಾರೆ ಹೇಳಿ?

ಕೊನೆಗೆ ದೂರವನ್ನೇ ತುಂಡು ಮಾಡಿದೆ. ಶೇರ್ ಆಟೊ ಹಿಡಿದು ಹೊಸೂರು ವೃತ್ತಕ್ಕೆ ಬಂದು, ಅಲ್ಲಿ ಧಾರವಾಡಕ್ಕೆ ಹೋಗುವ ಬಿಆರ್‌ಟಿಎಸ್‌ನ ಚಿಗರಿ ಬಸ್ ಹತ್ತಿದೆ. ಕೂರಲು ಜಾಗ ಇರಲಿಲ್ಲ, ನಿಂತೇ ಬಂದೆ. ಚಿಗರಿಗೆ ಹುಬ್ಬಳ್ಳಿ ರೈಲು ನಿಲ್ದಾಣದಿಂದ ಹೊಸೂರಿನವರೆಗೆ ಪ್ರತ್ಯೇಕ ದಾರಿ ಇಲ್ಲ, ಚನ್ನಮ್ಮ ವೃತ್ತದ ದಟ್ಟಣೆಯಲ್ಲಿ ಅದೂ ಸಿಕ್ಕಿಕೊಳ್ಳುತ್ತದೆ. ಹೊಸೂರು ದಾಟಿದ ಮೇಲೆ ಅದಕ್ಕೆ ತನ್ನದೇ ದಾರಿ. ಅದಕ್ಕೇ ಗೋಕುಲ ರಸ್ತೆ ಕಡೆಯವರು ಹಿಂದಕ್ಕೆ ಊರೊಳಗೆ ಹೋಗಿ ಹತ್ತುವುದರಲ್ಲಿ ಅರ್ಥವಿಲ್ಲ. ಆದರೆ ಜೋರು ಮಳೆಗೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಂತರೆ ಚಿಗರಿಯೂ ನಿಧಾನವೇ. ಅಂಥ ದಿನ, ಹೊತ್ತು ಹೊಂದಿದರೆ, ರೈಲೇ ವಾಸಿ. ಸಪ್ತಾಪುರಕ್ಕೆ ಧಾರವಾಡ ರೈಲು ನಿಲ್ದಾಣ ದೂರವೇನಲ್ಲ.

ಧಾರವಾಡದ ಜುಬಿಲಿ ವೃತ್ತದಲ್ಲಿ ಇಳಿದು ಮತ್ತೆ ಆ್ಯಪ್ ತೆರೆದೆ. ಸಣ್ಣ ಬಾಡಿಗೆ, ತಕ್ಷಣ ಒಪ್ಪಿಕೊಂಡರು. ಆದರೂ ಮೊದಲ ಆಟೊ ತಪ್ಪಿಹೋಯಿತು. ಬಸ್ ನಿಲ್ದಾಣ ರಸ್ತೆಯ ನಡುವೆ ಇದೆ, ಅಲ್ವಾ? ನಕ್ಷೆಯ ಗುರುತು ಅಲ್ಲೇ ಬಿದ್ದಿತ್ತು. ಆಟೊ ಆಚೆ ಬದಿಗೆ ಬಂದು ನಿಂತಿತು. ತಿರುಗಿಸಿಕೊಂಡು ಬರಲು ಆಗಲ್ಲ ಎಂದು ಅವರು ಹೊರಟುಹೋದರು. ಎರಡನೇ ಸಲ ನಾನು ರಸ್ತೆ ದಾಟಿ, ಮನೆ ಕಡೆಗೆ ಹೋಗುವ ಬದಿಯ ಒಂದು ಅಂಗಡಿಯ ಮುಂದೆ ನಿಂತು, ಗುರುತನ್ನು ಕೈಯಿಂದಲೇ ಅಲ್ಲಿಗೆ ಸರಿಸಿದೆ. ಐದು ನಿಮಿಷಕ್ಕೆ ಆಟೊ ಬಂತು. ಮನೆ ಸೇರಿದಾಗ 8.50.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟೇ. ಮಳೆಗಾಲದ ಸಂಜೆ ಜುಬಿಲಿ ವೃತ್ತದ ನಿಲ್ದಾಣದ ಹತ್ತಿರ ಮೇಲೆ ಸೂರಿರುವ ಒಂದು ಆಟೊ ಸ್ಟ್ಯಾಂಡ್ ಬೇಕು. ಸಪ್ತಾಪುರ, ಮಾಳಮಡ್ಡಿ, ಕೆಲಗೇರಿಗೆ ಎಷ್ಟು ಬಾಡಿಗೆ ಎಂದು ಅಲ್ಲೊಂದು ಬೋರ್ಡ್ ಹಾಕಿಸಿ. ಹೊಸೂರಿನಲ್ಲೂ ಗೋಕುಲ ರಸ್ತೆ ಕಡೆಯವರಿಗೆ ಇಂಥದ್ದೇ ಒಂದು ಇರಲಿ.

– ದಿನನಿತ್ಯದ ಪ್ರಯಾಣಿಕ, ಸಪ್ತಾಪುರ, ಧಾರವಾಡ