ಚಟ್ನಿಯ ಮೇಲಿನ ಏಕಾರ

ಮಾನ್ಯ ಸಂಪಾದಕರಿಗೆ,

ಗುರುವಾರದ ತಮ್ಮ ಪತ್ರಿಕೆಯ ಐದನೇ ಪುಟದಲ್ಲಿ ‘ಚಟ್ನಿಯೇ ವಿಷ: ಪ್ರಯೋಗಾಲಯದಲ್ಲಿ ಸಾಬೀತು’ ಎಂಬ ವರದಿ ಬಂದಿದೆ. ಭಾನುವಾರ ಕಟ್ಟಡವೊಂದರ ಸತ್ಯನಾರಾಯಣ ಪೂಜೆಯಲ್ಲಿ ಊಟ ಮಾಡಿದ 21 ಮಂದಿ ಅಸ್ವಸ್ಥರಾದದ್ದಕ್ಕೆ ಅಡುಗೆ ಭಟ್ಟರ ಚಟ್ನಿಯೇ ಕಾರಣ ಎಂಬುದು ಅದರ ಸಾರ. ಯಾವ ಕಟ್ಟಡ, ಯಾವ ಪೂಜೆ, ಯಾವ ಭಟ್ಟರು ಎಂದು ಮತ್ತೆ ಬರೆಯಬೇಕಾಗಿಲ್ಲ, ಊರಿಗೆಲ್ಲ ಗೊತ್ತಾಗಿದೆ. ಆ ಭಟ್ಟರನ್ನು ಗೊತ್ತುಮಾಡಿಕೊಟ್ಟವನು ನಾನೇ. ಗುರುವಾರ ಬೆಳಿಗ್ಗೆ ಆರೂವರೆಯಿಂದ ನನ್ನ ಮೊಬೈಲ್ ಬಾಯಿ ಮುಚ್ಚಿಲ್ಲ. ಹಾಲಿನವನು ಕೇಳಿದ, ವಾಚ್‌ಮನ್ ಕೇಳಿದ, ಥಾಣೆಯಿಂದ ಮಗಳು ಕೇಳಿದಳು. ಮುಂದಿನ ತಿಂಗಳ ಮೊಮ್ಮಗನ ನಾಮಕರಣಕ್ಕೆ ಅದೇ ಭಟ್ಟರಿಗೆ ಮುಂಗಡ ಕೊಟ್ಟಿದ್ದೆ. ಬೀಗರು ಬೇಡವೆಂದರು. ಮುಂಗಡವನ್ನು ವಾಪಸು ಕೇಳಲು ನನಗೆ ಮುಖವಿಲ್ಲ, ಕೊಡಲು ಅವರ ಬಳಿ ದುಡ್ಡಿಲ್ಲ, ಏಕೆಂದರೆ ಅವರ ಬೇರೆ ಮೂರು ಅಡುಗೆಗಳೂ ತಪ್ಪಿಹೋಗಿವೆ. ಮನೆಯಲ್ಲಿ ಚಟ್ನಿ ಮಾಡುವುದನ್ನೇ ನಿಲ್ಲಿಸಲಾಗಿದೆ. ಪತ್ರಿಕೆಯ ಸೇವೆ ದೊಡ್ಡದು.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳನ್ನು ನೋಡುತ್ತ ಕೂದಲು ಹಣ್ಣಾದವನು ನಾನು. ‘ಸಾಬೀತು’ ಎಂಬ ಪದ ಕಂಡರೆ ಮೂಲ ಕಾಗದ ನೋಡದೆ ನಿದ್ದೆ ಬರುವುದಿಲ್ಲ. ಆ ಕಾಗದಕ್ಕಾಗಿ ಆರೋಗ್ಯ ವಿಭಾಗದ ಕಚೇರಿಗೆ ಮೂರು ದಿನ ಅಲೆದೆ. ಮೊದಲ ದಿನ ‘ಉದ್ಯಾ ಯಾ’, ನಾಳೆ ಬನ್ನಿ ಎಂದರು. ಎರಡನೇ ದಿನ ಸಾಹೇಬರು ಸುತ್ತಾಟಕ್ಕೆ ಹೋಗಿದ್ದರು. ಮೂರನೇ ದಿನ ಸಾಹೇಬರು ಇದ್ದರು, ಜೆರಾಕ್ಸ್ ಯಂತ್ರ ಕೆಟ್ಟಿತ್ತು. ಕೊನೆಗೆ ಗುಮಾಸ್ತರೊಬ್ಬರು ದಯೆತೋರಿ ಕಾಗದವನ್ನು ಮೇಜಿನ ಮೇಲಿಟ್ಟು, ಓದಿಕೊಳ್ಳಿ, ಮುಟ್ಟಬೇಡಿ ಎಂದರು.

ಅದರಲ್ಲಿ ಇದ್ದುದು ಮೂರು ಸಾಲು. ಚಟ್ನಿಯ ಮಾದರಿಯಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಂಡುಬಂದಿದೆ. ಅಸ್ವಸ್ಥತೆಗೆ ಇದು ಕಾರಣವಾಗಿರಬಹುದು. ಮಾದರಿಯನ್ನು ಊಟದ ಮರುದಿನ ರಾತ್ರಿ, ಉಳಿದ ಪಾತ್ರೆಯಿಂದ ಸಂಗ್ರಹಿಸಲಾಗಿದೆ. ಬರೆದವರು ಯಾರೋ ತಮ್ಮ ಕೆಲಸ ಬಲ್ಲವರು. ಅವರ ‘ಇರಬಹುದು’ ಆ ಕಚೇರಿಯಿಂದ ತಮ್ಮ ಕಚೇರಿಗೆ ಬರುವಷ್ಟರಲ್ಲಿ ‘ಸಾಬೀತು’ ಆಯಿತು, ಜೊತೆಗೆ ಚಟ್ನಿಗೊಂದು ಏಕಾರವೂ ಅಂಟಿಕೊಂಡಿತು. ಕನ್ನಡದ ಏಕಾರ ಸಾಮಾನ್ಯದ್ದಲ್ಲ. ‘ಚಟ್ನಿ ಕಾರಣ’ ಎಂದರೆ ಬೇರೆಯದಕ್ಕೂ ಒಂದಿಷ್ಟು ಜಾಗ ಉಳಿಯುತ್ತದೆ. ‘ಚಟ್ನಿಯೇ ಕಾರಣ’ ಎಂದರೆ ಎಲೆಯ ಮೇಲಿದ್ದ ಉಳಿದ ಹದಿನಾಲ್ಕು ಬಗೆಗಳೂ ಖುಲಾಸೆ. ಆ ಒಂದಕ್ಷರಕ್ಕೆ ತಮ್ಮ ವರದಿಗಾರರ ಬಳಿ ಯಾವ ಸಾಕ್ಷಿ ಇತ್ತು?

ಮೂರನೇ ಸಾಲನ್ನು ಅವರು ಓದಿದಂತಿಲ್ಲ. ಪಾತ್ರೆಯ ತಳದಲ್ಲಿ ಉಳಿದ ತೆಂಗಿನಕಾಯಿ ಚಟ್ನಿ, ಈ ಮುಂಬಯಿಯ ಸೆಕೆ, ಒಂದು ರಾತ್ರಿ, ಒಂದು ಹಗಲು. ಹದವಾದ ಬಿಸಿಯಲ್ಲಿ ಇಂಥ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲದು. ಆರೋಗ್ಯವಂತರಲ್ಲೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಸುಮ್ಮನೆ ವಾಸವಾಗಿರುತ್ತದೆ. ಪಾತ್ರೆ ತೊಳೆಯಲು ಬಂದವರು, ಉಳಿದಿದೆಯೇ ಎಂದು ಇಣುಕಿದವರು, ಮಾದರಿ ತೆಗೆದವರು, ಯಾರ ಕೈಯಿಂದಲೂ ಅದು ಬಿದ್ದಿರಬಹುದು. ಸೋಮವಾರ ರಾತ್ರಿ ಪಾತ್ರೆಯಲ್ಲಿ ಅದು ಇತ್ತು ಎಂಬುದು ಖಚಿತ. ಇದಕ್ಕೆ ‘ಬಹುದು’ ಹಚ್ಚುವ ಅಗತ್ಯವೇ ಇಲ್ಲ. ಭಾನುವಾರ ಮಧ್ಯಾಹ್ನ ಎಲೆಯ ಮೇಲೆ ಇತ್ತೇ ಎಂಬುದು ಆ ಮಾದರಿಯಿಂದ ತಿಳಿಯುವ ಸಂಗತಿಯಲ್ಲ.

ಇನ್ನು ಹೊತ್ತಿನ ಲೆಕ್ಕ. ಈ ಬ್ಯಾಕ್ಟೀರಿಯಾ ಆಹಾರದಲ್ಲಿ ಬಿಡುವ ವಿಷ ಹೊಟ್ಟೆಗೆ ಹೋದರೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಊಟ ಮುಗಿದದ್ದು ಭಾನುವಾರ ಎರಡು ಗಂಟೆಗೆ. ಆ ರಾತ್ರಿ ಕಟ್ಟಡದವರೆಲ್ಲ ತಣ್ಣಗೆ ಮಲಗಿದ್ದರು. ಗಲಾಟೆ ಎದ್ದದ್ದು ಸೋಮವಾರ ಕತ್ತಲಾದ ಮೇಲೆ, ಅಂದರೆ ಮೂವತ್ತು ಗಂಟೆಯ ಆಸುಪಾಸಿನಲ್ಲಿ. ಇದು ಆ ವಿಷದ ನಡತೆಯಲ್ಲ. ಹನ್ನೆರಡರಿಂದ ನಲವತ್ತೆಂಟು ಗಂಟೆ ತೆಗೆದುಕೊಳ್ಳುವ ನೊರೊವೈರಸ್‌ಗೆ ಈ ಹೊತ್ತು ಹೆಚ್ಚು ಹೊಂದುತ್ತದೆ. ಹೊಂದುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ. ನಾಳೆ ‘ನೊರೊವೈರಸ್ಸೇ ಕಾರಣ, ನಿವೃತ್ತ ತಜ್ಞರಿಂದ ಸಾಬೀತು’ ಎಂದು ದಯವಿಟ್ಟು ಅಚ್ಚುಹಾಕಬೇಡಿ. ರೋಗಿಗಳ ಮಲದ ಮಾದರಿಯನ್ನು ಯಾರೂ ತೆಗೆದುಕೊಂಡಿಲ್ಲ. ತೆಗೆದುಕೊಂಡು, ಚಟ್ನಿಯಲ್ಲಿದ್ದ ತಳಿಯೇ ಅಲ್ಲಿಯೂ ಸಿಕ್ಕಿದ್ದರೆ, ಹೊತ್ತೂ ಕೂಡಿಬಂದಿದ್ದರೆ, ‘ಸಾಬೀತು’ ಎನ್ನುವುದಕ್ಕೆ ಹತ್ತಿರ ಹೋಗಬಹುದಿತ್ತು.

ವರದಿಗಾರರ ಇನ್ನೊಂದು ಬ್ರಹ್ಮಾಸ್ತ್ರ: ‘ಅಸ್ವಸ್ಥರಾದ 21 ಮಂದಿಯಲ್ಲಿ 17 ಮಂದಿ, ಅಂದರೆ ಶೇ 81ರಷ್ಟು, ಚಟ್ನಿ ತಿಂದಿದ್ದರು.’ ಓದಿದವರು ಹೌದಲ್ಲ ಎಂದು ತಲೆದೂಗುತ್ತಾರೆ. ಸ್ವಾಮಿ, ಆ 21 ಮಂದಿಯೂ ಅನ್ನ ತಿಂದಿದ್ದರು, 21 ಮಂದಿಯೂ ಸತ್ಯನಾರಾಯಣನ ಪ್ರಸಾದ ತೆಗೆದುಕೊಂಡಿದ್ದರು. ಅದು ಶೇ 100. ಪ್ರಸಾದವೇ ವಿಷ ಎನ್ನೋಣವೇ? ಕಾಯಿಲೆ ಬೀಳದವರಲ್ಲಿ ಚಟ್ನಿ ತಿಂದವರೆಷ್ಟು ಎಂದು ಕೇಳದ ಹೊರತು ಆ 81ಕ್ಕೆ ಕಾಸಿನ ಬೆಲೆಯಿಲ್ಲ.

ಅವರು ಕೇಳಲಿಲ್ಲ, ನಾನು ಕೇಳಿದೆ. ಮೊಣಕಾಲು ನೋವು, ಲಿಫ್ಟ್ ಕೆಟ್ಟು ಹನ್ನೊಂದು ದಿನ. ಮನೆ ಮನೆಯ ಕದ ತಟ್ಟಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಊಟಕ್ಕೆ ಕುಳಿತಿದ್ದವರು ನೂರಕ್ಕೂ ಹೆಚ್ಚು, ಉತ್ತರ ಕೊಟ್ಟವರು 96 ಮಂದಿ. ಚಟ್ನಿ ತಿಂದೆವು ಎಂದವರು 75, ಅವರಲ್ಲಿ 17 ಮಂದಿಗೆ ಕಾಯಿಲೆ, ಅಂದರೆ ನೂರಕ್ಕೆ 23. ಚಟ್ನಿ ಮುಟ್ಟಲೇ ಇಲ್ಲ ಎಂದವರು 21, ಅವರಲ್ಲಿ 4 ಮಂದಿಗೆ ಕಾಯಿಲೆ, ನೂರಕ್ಕೆ 19. ತಿಂದರೂ ತಿನ್ನದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಆ ನಾಲ್ಕು ಅಂಕದ ಅಂತರವಾದರೂ ಗಟ್ಟಿಯೇ ಎಂದರೆ, ಎರಡನೇ ಮಹಡಿಯ ಅತ್ತೆಯೊಬ್ಬರು ಮೊದಲು ‘ತಿಂದಿದ್ದೆ’ ಎಂದರು, ಮೆಟ್ಟಿಲಿಳಿಯುತ್ತಿದ್ದ ನನ್ನನ್ನು ಕೂಗಿ ‘ಇಲ್ಲಪ್ಪಾ, ಅದು ಕೋಸಂಬರಿ ಇರಬೇಕು’ ಎಂದರು. ಅವರಿಗೂ ಕಾಯಿಲೆಯಾಗಿತ್ತು. ಅವರೊಬ್ಬರನ್ನು ಆ ಕಡೆಯಿಂದ ಈ ಕಡೆಗೆ ಬರೆದುಕೊಂಡರೆ ಚಟ್ನಿ ತಿಂದವರಲ್ಲಿ 74ಕ್ಕೆ 16, ತಿನ್ನದವರಲ್ಲಿ 22ಕ್ಕೆ 5. ತಿನ್ನದವರಿಗೇ ತುಸು ಹೆಚ್ಚು ಕಾಯಿಲೆ! ಒಬ್ಬ ಅತ್ತೆಯ ನೆನಪು ಹೊರಳಿದರೆ ತಲೆಕೆಳಗಾಗುವ ಲೆಕ್ಕವನ್ನು ತಾವು ದಪ್ಪಕ್ಷರದಲ್ಲಿ ಸಾಬೀತು ಮಾಡಿದ್ದೀರಿ.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟವಿದೆ. ಮಜ್ಜಿಗೆಗೆ ಹೊರಗಿನಿಂದ ಮಂಜುಗಡ್ಡೆಯ ಲಾದಿ ತರಿಸಿ ಒಡೆದು ಹಾಕಿದ್ದರು. ಮಜ್ಜಿಗೆ ಕುಡಿದ 40 ಮಂದಿಯಲ್ಲಿ 16 ಮಂದಿಗೆ ಕಾಯಿಲೆ, ಕುಡಿಯದ 56 ಮಂದಿಯಲ್ಲಿ 5 ಮಂದಿಗೆ. ನೂರಕ್ಕೆ 40 ಎಲ್ಲಿ, 9 ಎಲ್ಲಿ! ಭಟ್ಟರ ಮಾನ ಉಳಿಯುವುದೆಂದು ‘ಸಿಕ್ಕಿಬಿದ್ದ ಕಳ್ಳ’ ಎಂದು ಮನೆಯಲ್ಲಿ ಕೂಗಿದ್ದೂ ಹೌದು. ಆದರೆ ಬರೆಯಲು ಕುಳಿತಾಗ ಕೈ ತಡೆಯಿತು. ಮಜ್ಜಿಗೆ ಬಡಿಸಿದ್ದು ಎರಡನೇ ಪಂಕ್ತಿಗೆ ಮಾತ್ರ. ಆ ಪಂಕ್ತಿಯವರಿಗೆ ಬಡಿಸಿದ ಕೈಗಳೂ ಬೇರೆ, ಕುಡಿಯುವ ನೀರಿನ ಡ್ರಮ್ಮೂ ಬೇರೆ. ಲಾದಿ ಆವತ್ತೇ ಕರಗಿ ಚರಂಡಿ ಸೇರಿತು, ಪರೀಕ್ಷೆಗೆ ಒಂದು ಹನಿಯೂ ಉಳಿದಿಲ್ಲ. ಮೇಲಾಗಿ ನಾನು ಕೇಳಲು ಹೋದದ್ದು ತಮ್ಮ ವರದಿ ಎಲ್ಲರ ಕೈಗೆ ಬಂದ ಮೇಲೆ. ಏನೇನು ತಿಂದೆವು ಎಂಬ ನೆನಪಿನ ಮೇಲೆ ಅಷ್ಟರಲ್ಲಿ ಅಚ್ಚಿನ ಮಸಿ ಬಿದ್ದಿತ್ತು. ಆದ್ದರಿಂದ ‘ಎರಡನೇ ಪಂಕ್ತಿಯ ಮಜ್ಜಿಗೆ ಅಥವಾ ನೀರಿನತ್ತ ಲೆಕ್ಕ ಬೊಟ್ಟುಮಾಡುತ್ತದೆ’ ಎಂದಷ್ಟೇ ಬರೆದೆ. ನನ್ನ ಕಡೆಗೆ ವಾಲುವ ಲೆಕ್ಕಕ್ಕೂ ಅದಕ್ಕಿಂತ ಜಾಸ್ತಿ ಹೇಳುವ ತಾಕತ್ತು ಇಲ್ಲ.

ಇದನ್ನೆಲ್ಲ ತಮ್ಮ ಕಚೇರಿಗೆ ಫೋನ್ ಮಾಡಿ ವಿವರಿಸಿದ ಪುಣ್ಯಕ್ಕೆ ಆಮೇಲೆ ಒಂದು ಮೂಲೆಯಲ್ಲಿ ಹೀಗೆ ಬಂತು: ‘ಚಟ್ನಿಯಿಂದ ಅಸ್ವಸ್ಥತೆ ಉಂಟಾಗಿರಬಹುದಾದ ಸಾಧ್ಯತೆ ಇರಬಹುದೆಂದು ಶಂಕಿಸಲಾಗಿದೆ ಎನ್ನಲಾಗಿದೆ.’ ಓದಿ ನಕ್ಕೆನೋ ಅತ್ತೆನೋ ನೆನಪಿಲ್ಲ. ಒಂದೇ ವಾಕ್ಯಕ್ಕೆ ಐದು ಊರುಗೋಲು! ಅನುಮಾನದ ಪದಗಳನ್ನು ಪೇರಿಸಿದರೆ ಎಚ್ಚರಿಕೆಯಾಗುವುದಿಲ್ಲ. ಯಾವ ಕೊಂಡಿ ಸಡಿಲವೋ ಅಲ್ಲಿಗೆ ಒಂದು ‘ಬಹುದು’ ಸಾಕು. ಮತ್ತೆ ಈ ‘ಎನ್ನಲಾಗಿದೆ’. ಅದು ಸಾಕ್ಷಿಯ ಬಲವನ್ನು ಅಳೆಯುವ ಪದವೇ ಅಲ್ಲ, ಹೇಳಿದವನನ್ನು ಕಂಬಳಿ ಹೊದಿಸಿ ಅಡಗಿಸುವ ಪದ. ಎಂದದ್ದು ಯಾರು? ಬರೆಯಬೇಕಿದ್ದದ್ದು ಇಷ್ಟು: ಊಟದ ಮರುದಿನ ಸಂಗ್ರಹಿಸಿದ ಚಟ್ನಿಯಲ್ಲಿ ಬ್ಯಾಕ್ಟೀರಿಯಾ ಪತ್ತೆಯಾಗಿದೆ, ಅಸ್ವಸ್ಥತೆಗೆ ಅದು ಕಾರಣವೇ ಎಂಬುದು ಈ ಪರೀಕ್ಷೆಯಿಂದ ತಿಳಿದಿಲ್ಲ. ಇದಕ್ಕೆ ಜಾಗ ಸಾಲದೇ? ವಧೂವರರ ಜಾಹೀರಾತಿಗೆ ಸಾಲುತ್ತದೆ.

ಆರೋಗ್ಯ ವಿಭಾಗದ ಮಹಾಶಯರಿಗೂ ನಾಲ್ಕು ಮಾತು ಸಲ್ಲಬೇಕು. ಪೂಜೆಯ ಚಟ್ನಿಗೆ ಮರುದಿನವೇ ಓಡಿಬಂದವರು, ನಮ್ಮ ಹಿತ್ತಲಿನ ಗಟಾರ ತುಂಬಿ ನೀರಿನ ಪೈಪಿನ ಮೇಲೆ ಹರಿಯುತ್ತಿದೆ ಎಂದು ಎರಡು ಮಳೆಗಾಲದಿಂದ ಅರ್ಜಿ ಕೊಟ್ಟರೂ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಒಯ್ದಿಲ್ಲ. ಅರ್ಜಿಗೆ ಬಂದ ಉತ್ತರ: ‘ನೀರು ಕಲುಷಿತವೆಂದು ಸಾಬೀತಾಗಿಲ್ಲ.’ ಪರೀಕ್ಷೆ ಮಾಡದಿದ್ದರೆ ಸಾಬೀತಾಗುವುದು ಹೇಗೆ? ನೋಡದೇ ಇರುವುದು ಬೇರೆ, ನೋಡಿದರೂ ಕಾಣದೇ ಇರುವುದು ಬೇರೆ. ನನ್ನ ಹಿರಿಯ ಮೊಮ್ಮಗಳ ಜನನ ಪ್ರಮಾಣಪತ್ರದಲ್ಲಿ ಅವಳನ್ನು ಗಂಡು ಎಂದು ಬರೆದದ್ದೂ ಇಂಥದೇ ಕಚೇರಿ. ತಿದ್ದಿಸಲು ಏಳು ತಿಂಗಳು. ಅಲ್ಲಿ ಮಾತ್ರ, ಮಗು ಎದುರಿಗೇ ನಿಂತಿದ್ದರೂ, ಹೆಣ್ಣೆಂದು ಸಾಬೀತು ಮಾಡಿ ಎಂದರು!

ಆದ್ದರಿಂದ ತಾವು ಐದನೇ ಪುಟದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಏಕಾರ ತೆಗೆದು ಮತ್ತೊಮ್ಮೆ ಅಚ್ಚುಮಾಡಬೇಕು. ಇಲ್ಲವೇ ವರದಿಗಾರರೇ ಬಂದು ನಮ್ಮ ಬೀಗರಿಗೆ ವಿವರಿಸಬೇಕು. ಆರೋಗ್ಯ ವಿಭಾಗದವರು ಗಟಾರ ಸರಿಪಡಿಸಬೇಕು, ಜೆರಾಕ್ಸ್ ಯಂತ್ರವನ್ನೂ. ಲಿಫ್ಟಿನ ವಿಷಯ ಸೊಸೈಟಿಯ ಕಾರ್ಯದರ್ಶಿಗಳಿಗೆ ಬಿಟ್ಟದ್ದು, ಅವರೂ ತಮ್ಮ ಪತ್ರಿಕೆಯ ಚಂದಾದಾರರು, ಓದಿಕೊಳ್ಳಲಿ. ನೋಟ್‌ಬುಕ್ ನನ್ನ ಬಳಿ ಇದೆ. ಯಾರಾದರೂ ನೋಡುವುದಾದರೆ ಬರಲಿ, ಮುಟ್ಟಿಯೂ ನೋಡಬಹುದು.

ಇತಿ,
ಚಟ್ನಿ ತಿಂದೂ ಆರೋಗ್ಯವಾಗಿರುವ ಓದುಗ,
ಮುಂಬಯಿ